ಆರು ಲಕ್ಷದ ಪ್ಯಾಕೇಜು, ಕೈಗೆ ಎಷ್ಟು?

ಕ್ಯಾಂಪಸ್ ಸಂದರ್ಶನದ ಸೀಸನ್ ಬಂತೆಂದರೆ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಅಂಕಿ ಮಾತ್ರ ದೊಡ್ಡದಾಗಿ ಕಾಣುತ್ತದೆ. ವರ್ಷಕ್ಕೆ ನಾಲ್ಕು ಲಕ್ಷ, ಆರು ಲಕ್ಷ, ಹನ್ನೆರಡು ಲಕ್ಷ. ಮನೆಯವರು ಆ ಅಂಕಿಯನ್ನು ಹನ್ನೆರಡರಿಂದ ಭಾಗಿಸಿ, ಮಗಳಿಗೆ ತಿಂಗಳಿಗೆ ಐವತ್ತು ಸಾವಿರ ಸಂಬಳ ಎಂದು ನೆಂಟರಿಷ್ಟರಿಗೆಲ್ಲ ಹೇಳಿ ಮುಗಿಸಿರುತ್ತಾರೆ. ಮೊದಲ ಸಂಬಳದ ದಿನ ಬ್ಯಾಂಕಿನಿಂದ ಬರುವ ಮೆಸೇಜಿನಲ್ಲಿ ಮೂವತ್ತನಾಲ್ಕು ಸಾವಿರ ಚಿಲ್ಲರೆ ಇರುತ್ತದೆ. ಕಂಪನಿ ಮೋಸ ಮಾಡಿರುವುದಿಲ್ಲ. ಎಲ್ಲವನ್ನೂ ಆಫರ್ ಲೆಟರಿನ ಕೊನೆಯ ಪುಟದಲ್ಲಿ ಬರೆದೇ ಇರುತ್ತಾರೆ. ಆ ಪುಟವನ್ನು ಯಾರೂ ಓದಿರುವುದಿಲ್ಲ, ಅಷ್ಟೆ.

ಸಂಬಳ ಲೆಕ್ಕ ಹಾಕುವ ವಿಭಾಗದಲ್ಲಿ ಬಹಳ ಕಾಲ ದುಡಿದವನು ನಾನು. ಈಗ ಕರೆದ ಕಾಲೇಜುಗಳಿಗೆ ಹೋಗಿ ಕೊನೆಯ ವರ್ಷದ ವಿದ್ಯಾರ್ಥಿಗಳ ಜೊತೆ ಕೂತು ಆ ಕೊನೆಯ ಪುಟವನ್ನು ಸಾಲು ಸಾಲಾಗಿ ಓದುತ್ತೇನೆ. ಕಳೆದ ಸಲ ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಮಾದರಿ ಪತ್ರವನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ. ಇದು ಯಾವ ಕಂಪನಿಯ ಪತ್ರವೂ ಅಲ್ಲ, ಪಾಠಕ್ಕೆಂದು ನಾನೇ ತಯಾರಿಸಿದ್ದು. ಆದರೆ ಬೆಂಗಳೂರಿನಲ್ಲಿ ಹೊಸಬರಿಗೆ ಸಿಗುವ ಪತ್ರಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ.

ಪತ್ರದ ತಲೆಯಲ್ಲಿ ಸಿಟಿಸಿ 6,00,000 ರೂಪಾಯಿ ಎಂದಿದೆ. ಸಿಟಿಸಿ ಎಂದರೆ ನಿಮ್ಮನ್ನು ಒಂದು ವರ್ಷ ಕೆಲಸದಲ್ಲಿ ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು. ನಿಮ್ಮ ಕೈಗೆ ಬರುವುದು, ಎಂದೋ ಬರಬಹುದಾದದ್ದು, ನಿಮ್ಮ ಹೆಸರಿನಲ್ಲಿ ಬೇರೆಲ್ಲೋ ಕಟ್ಟುವುದು, ಎಲ್ಲವೂ ಅದರೊಳಗೆ ಸೇರಿರುತ್ತದೆ.

ಮೊದಲು ಪ್ರತಿ ತಿಂಗಳು ಖಚಿತವಾಗಿ ಬರುವುದನ್ನು ನೋಡೋಣ. ಬೇಸಿಕ್, ಅಂದರೆ ಮೂಲ ವೇತನ 22,000. ಮನೆ ಬಾಡಿಗೆ ಭತ್ಯೆ 8,800. ವಿಶೇಷ ಭತ್ಯೆ 6,500. ಮೂರೂ ಸೇರಿ ತಿಂಗಳಿಗೆ 37,300 ರೂಪಾಯಿ. ಆರು ಲಕ್ಷದಲ್ಲಿ ನಿಜವಾದ ಸಂಬಳ ಎನ್ನಬಹುದಾದದ್ದು ಇಷ್ಟೇ. ವರ್ಷಕ್ಕೆ 4,47,600.

ಉಳಿದ ಒಂದೂವರೆ ಲಕ್ಷ ಎಲ್ಲಿದೆ? ಕಂಪನಿ ನಿಮ್ಮ ಭವಿಷ್ಯ ನಿಧಿಗೆ, ಅಂದರೆ ಪಿಎಫ್‌ಗೆ, ಮೂಲ ವೇತನದ ಶೇ 12ರಷ್ಟನ್ನು ಕಟ್ಟುತ್ತದೆ. ಅದು ವರ್ಷಕ್ಕೆ 31,680. ಗ್ರಾಚ್ಯುಟಿಗೆಂದು 12,698 ತೋರಿಸಿದ್ದಾರೆ. ಆರೋಗ್ಯ ವಿಮೆಯ ಪ್ರೀಮಿಯಂ 8,022. ವೇರಿಯಬಲ್ ಪೇ, ಅಂದರೆ ಕೆಲಸದ ಫಲಿತಾಂಶ ನೋಡಿ ಕೊಡುವ ಹಣ, 60,000. ಜಾಯಿನಿಂಗ್ ಬೋನಸ್ 40,000. ಕೂಡಿ ನೋಡಿ, ಸರಿಯಾಗಿ ಆರು ಲಕ್ಷಕ್ಕೆ ಬಂದು ನಿಲ್ಲುತ್ತದೆ.

ಇನ್ನು ಆ 37,300ರಿಂದಲೂ ಎರಡು ಕಡಿತಗಳಿವೆ. ಪಿಎಫ್‌ಗೆ ಕಂಪನಿ ಕಟ್ಟಿದಷ್ಟನ್ನೇ ನೀವೂ ಕಟ್ಟಬೇಕು, ತಿಂಗಳಿಗೆ 2,640. ಕರ್ನಾಟಕದಲ್ಲಿ 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಗೆ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ. ಫೆಬ್ರುವರಿಯಲ್ಲಿ ಮಾತ್ರ 300. ಉಳಿದದ್ದು 34,460. ಖಾತೆಗೆ ಜಮಾ ಆಗುವುದು ಇದೇ.

ಆದಾಯ ತೆರಿಗೆ ಎಷ್ಟು ಹೋಗುತ್ತದೆ ಎಂದು ಎಲ್ಲ ಕಡೆ ಕೇಳುತ್ತಾರೆ. ಈ ಸಂಬಳಕ್ಕೆ ಏನೂ ಇಲ್ಲ. 2025-26ರ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದೆ. ಸಂಬಳದಾರರಿಗೆ ಇನ್ನೂ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರುವುದರಿಂದ 12.75 ಲಕ್ಷದ ಸಂಬಳದವರೆಗೂ ತೆರಿಗೆ ಬೀಳುವುದಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಇದು ಮತ್ತೆ ಬೇಕಾಗುತ್ತದೆ.

ಕಡಿಮೆ ಪ್ಯಾಕೇಜು, ಹೆಚ್ಚು ಸಂಬಳ

ದಾವಣಗೆರೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, “ಸರ್, ನನಗೆ ಇನ್ನೊಂದು ಕಡೆ ಐದು ಲಕ್ಷದ ನಲವತ್ತು ಸಾವಿರಕ್ಕೆ ಕರೆದಿದ್ದಾರೆ. ಆರು ಲಕ್ಷದ್ದನ್ನೇ ತಗೊಳ್ಳೋದು ಒಳ್ಳೇದಲ್ವಾ?” ಎಂದಳು. “ಆ ಪತ್ರದಲ್ಲಿ ವೇರಿಯಬಲ್ ಎಷ್ಟಿದೆಯಮ್ಮಾ?” ಎಂದೆ. ವೇರಿಯಬಲ್ಲೂ ಇಲ್ಲ, ಜಾಯಿನಿಂಗ್ ಬೋನಸ್ಸೂ ಇಲ್ಲ ಎಂದಳು. ಮೂಲ ವೇತನ, ಪಿಎಫ್, ಗ್ರಾಚ್ಯುಟಿ, ವಿಮೆ ಎರಡರಲ್ಲೂ ಒಂದೇ ಎಂದು ಇಟ್ಟುಕೊಂಡು ಬೋರ್ಡಿನ ಮೇಲೆ ಲೆಕ್ಕ ಮಾಡಿದೆವು. 5.4 ಲಕ್ಷದ ಕೆಲಸದಲ್ಲಿ ತಿಂಗಳಿಗೆ ಕೈಗೆ ಬರುವುದು ಸುಮಾರು 37,800. ಆರು ಲಕ್ಷದ ಕೆಲಸಕ್ಕಿಂತ ಮೂರು ಸಾವಿರದ ಮುನ್ನೂರು ಹೆಚ್ಚು.

ಹಾಗೆಂದು ಆರು ಲಕ್ಷದ ಕೆಲಸ ಕೆಟ್ಟದ್ದೆಂದು ತೀರ್ಮಾನ ಕೊಡಲು ಬರುವುದಿಲ್ಲ. ವೇರಿಯಬಲ್ ಮತ್ತು ಬೋನಸ್ ಪೂರ್ತಿ ಸಿಕ್ಕರೆ ಮೊದಲ ವರ್ಷ ಅದೇ ಅರವತ್ತು ಸಾವಿರ ಮುಂದಿರುತ್ತದೆ. ಎರಡನೇ ವರ್ಷ ಜಾಯಿನಿಂಗ್ ಬೋನಸ್ ಇಲ್ಲ, ಆಗ ವ್ಯತ್ಯಾಸ ಇಪ್ಪತ್ತು ಸಾವಿರಕ್ಕೆ ಇಳಿಯುತ್ತದೆ, ಅದೂ ವೇರಿಯಬಲ್ ಪೂರ್ತಿ ಬಂದರೆ. ಅರವತ್ತು ಸಾವಿರದ ಬದಲು ನಲವತ್ತು ಸಾವಿರ ಬಂದರೆ ಎರಡೂ ಸಮ. ಅದಕ್ಕೂ ಕಡಿಮೆಯಾದರೆ ಚಿಕ್ಕ ಪ್ಯಾಕೇಜೇ ದೊಡ್ಡದು. ಆದ್ದರಿಂದ ಎಚ್‌ಆರ್ ಅವರನ್ನು ಕೇಳಬೇಕಾದ ಪ್ರಶ್ನೆ ಇದು: ಕಳೆದ ಎರಡು ವರ್ಷ ಹೊಸದಾಗಿ ಸೇರಿದವರಿಗೆ ವೇರಿಯಬಲ್ ಶೇಕಡಾ ಎಷ್ಟು ಕೊಟ್ಟಿದ್ದೀರಿ? ಅವರು ಹೇಳದಿದ್ದರೆ ಅಲ್ಲಿ ಕೆಲಸ ಮಾಡುತ್ತಿರುವ ನಿಮ್ಮ ಕಾಲೇಜಿನ ಸೀನಿಯರನ್ನು ಕೇಳಿ.

ವೇರಿಯಬಲ್ ಬಗ್ಗೆ ಇನ್ನೂ ಎರಡು ಮಾತು ಇದೆ. ಸಾಮಾನ್ಯವಾಗಿ ಇದು ವರ್ಷಕ್ಕೊಮ್ಮೆ ಅಥವಾ ಎರಡು ಬಾರಿ ಬರುತ್ತದೆ. ಆಗಸ್ಟಿನಲ್ಲಿ ಸೇರಿದವರಿಗೆ ಮಾರ್ಚ್‌ವರೆಗಿನ ಎಂಟು ತಿಂಗಳಿಗೆ ಮಾತ್ರ ಲೆಕ್ಕ ಹಾಕುತ್ತಾರೆ. ಹಣ ಕೊಡುವ ದಿನ ನೀವು ಕಂಪನಿಯಲ್ಲಿ ಇರಬೇಕು ಎಂಬ ಷರತ್ತೂ ಹೆಚ್ಚಿನ ಪತ್ರಗಳಲ್ಲಿ ಇರುತ್ತದೆ. ವರ್ಷವಿಡೀ ದುಡಿದು, ಹಣ ಬರುವ ಹದಿನೈದು ದಿನ ಮುಂಚೆ ರಾಜೀನಾಮೆ ಕೊಟ್ಟು ಪೂರ್ತಿ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಜಾಯಿನಿಂಗ್ ಬೋನಸ್ಸಿನ ಪಕ್ಕದಲ್ಲಿ ಬಹಳ ಸಲ ಒಂದು ಚಿಕ್ಕ ನಕ್ಷತ್ರದ ಗುರುತು ಇರುತ್ತದೆ. ಕೆಳಗೆ ಹುಡುಕಿದರೆ, ಹನ್ನೆರಡು ತಿಂಗಳೊಳಗೆ ಕೆಲಸ ಬಿಟ್ಟರೆ ಹಿಂದಿರುಗಿಸಬೇಕು ಎಂದಿರುತ್ತದೆ. ಅಂದರೆ ಮೊದಲ ವರ್ಷ ಅದು ನಿಮ್ಮ ಹಣವೇ ಅಲ್ಲ, ನಿಮ್ಮ ಬಳಿ ಇಟ್ಟಿರುವ ಕಂಪನಿಯ ಹಣ. ಖರ್ಚು ಮಾಡದೆ ಬ್ಯಾಂಕಿನಲ್ಲಿ ಇಡಿ.

ಗ್ರಾಚ್ಯುಟಿಯ 4.81 ಶೇಕಡಾ ಎಲ್ಲಿಂದ ಬಂತು ಎಂಬ ಕುತೂಹಲ ಲೆಕ್ಕ ಬಲ್ಲ ಹುಡುಗರಿಗೆ ಇರುತ್ತದೆ. ವರ್ಷದ ಸೇವೆಗೆ ಹದಿನೈದು ದಿನದ ವೇತನ, ತಿಂಗಳಿಗೆ ಇಪ್ಪತ್ತಾರು ಕೆಲಸದ ದಿನ. ಹದಿನೈದನ್ನು ಇಪ್ಪತ್ತಾರರಿಂದ, ಮತ್ತೆ ಹನ್ನೆರಡರಿಂದ ಭಾಗಿಸಿದರೆ ಅದೇ ಬರುತ್ತದೆ. ಕಾಯಂ ನೌಕರರಿಗೆ ಇದು ಸಿಗಬೇಕಾದರೆ ಒಂದೇ ಸಂಸ್ಥೆಯಲ್ಲಿ ಸತತ ಐದು ವರ್ಷ ಇರಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿಯುವವರಿಗೆ ಮಾತ್ರ ಒಂದು ವರ್ಷಕ್ಕೇ ಗ್ರಾಚ್ಯುಟಿ ಕೊಡುತ್ತವೆ. ನೀವು ಎರಡು ಮೂರು ವರ್ಷಕ್ಕೆ ಕೆಲಸ ಬದಲಿಸುವವರಾದರೆ ಈ ಸಾಲನ್ನು ಸೊನ್ನೆ ಎಂದೇ ಓದಿ.

ಪಿಎಫ್ ಹಾಗಲ್ಲ. ಅದು ನಿಮ್ಮದೇ. ಮೂಲ ವೇತನ 15,000ಕ್ಕಿಂತ ಹೆಚ್ಚಿರುವ ಹೊಸ ನೌಕರರು 2014ರ ಸೆಪ್ಟೆಂಬರಿನಿಂದ ಈಚೆಗೆ ಪಿಂಚಣಿ ಯೋಜನೆಗೆ ಸೇರುವಂತಿಲ್ಲ. ಹಾಗಾಗಿ ಕಂಪನಿಯ ಪಾಲು ಪೂರ್ತಿಯಾಗಿ ನಿಮ್ಮ ನಿಧಿಗೇ ಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ ಎರಡೂ ಪಾಲು ಸೇರಿ ತಿಂಗಳಿಗೆ 5,280 ರೂಪಾಯಿ. 2024-25ಕ್ಕೆ ಇದರ ಬಡ್ಡಿ ಶೇ 8.25. ಇದೇ ದರ ಮುಂದುವರಿದರೆ, ಸಂಬಳ ಒಂದು ರೂಪಾಯಿ ಹೆಚ್ಚದಿದ್ದರೂ, ಮೂರು ವರ್ಷದಲ್ಲಿ ಸುಮಾರು 2 ಲಕ್ಷದ 14 ಸಾವಿರ ಆಗುತ್ತದೆ. ಸೇರುವ ದಿನ ಕೆಲವು ಕಡೆ ಒಂದು ಫಾರ್ಮ್ ಕೊಟ್ಟು, ಪಿಎಫ್ ಬೇಡವಾದರೆ ಟಿಕ್ ಮಾಡಿ, ಕೈಗೆ ಹೆಚ್ಚು ಬರುತ್ತದೆ ಎನ್ನುತ್ತಾರೆ. ಮೊದಲ ಸಲ ಕೆಲಸಕ್ಕೆ ಸೇರುವ, ಮೂಲ ವೇತನ 15,000 ದಾಟಿದವರಿಗೆ ಕಾನೂನು ಈ ಆಯ್ಕೆ ಕೊಟ್ಟಿದೆ. ಟಿಕ್ ಮಾಡಬೇಡಿ. ನೀವು ಏನೂ ಮಾಡದೆ ತಾನೇ ಬೆಳೆಯುವ ಉಳಿತಾಯ ಇದೊಂದೇ.

ಸಹಿ ಹಾಕಿದರೆ ಯಾವುದಕ್ಕೆ ಒಪ್ಪಿದಂತೆ?

ದುಡ್ಡಿನ ಪುಟ ಮುಗಿದ ಮೇಲೆ ಷರತ್ತುಗಳ ಪುಟ. ಇಲ್ಲಿ ಮೂರು ವಿಷಯ ಹುಡುಕಿ: ಸೇರುವ ದಿನಾಂಕ, ನೋಟಿಸ್ ಅವಧಿ, ಬಾಂಡ್.

ಕೆಲವು ಕಂಪನಿಗಳು ಮೊದಲು ಕೊಡುವುದು ಲೆಟರ್ ಆಫ್ ಇಂಟೆಂಟ್. ನಿಮ್ಮನ್ನು ತೆಗೆದುಕೊಳ್ಳುವ ಉದ್ದೇಶವಿದೆ ಎಂದಷ್ಟೇ ಅದರ ಅರ್ಥ. ಸೇರುವ ದಿನಾಂಕವಿಲ್ಲದ ಪತ್ರವನ್ನು ನಂಬಿ ಬೇರೆ ಸಂದರ್ಶನಗಳನ್ನು ಬಿಡಬೇಡಿ. 2022 ಮತ್ತು 2023ರಲ್ಲಿ ಓದು ಮುಗಿಸಿದ ಎಷ್ಟೋ ಮಂದಿ ಐಟಿ ಕಂಪನಿಗಳ ಪತ್ರ ಹಿಡಿದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕಾದದ್ದು ಎಲ್ಲರಿಗೂ ಗೊತ್ತಿರುವ ವಿಷಯ.

ನೋಟಿಸ್ ಅವಧಿಯಲ್ಲಿ ಎರಡೂ ಕಡೆಯ ದಿನಗಳನ್ನು ಓದಿ. ಕಂಪನಿ ನಿಮ್ಮನ್ನು ಹದಿನೈದು ದಿನದ ನೋಟಿಸಿನಲ್ಲಿ ತೆಗೆಯಬಹುದು, ನೀವು ಬಿಡಬೇಕಾದರೆ ತೊಂಬತ್ತು ದಿನ ಎಂದು ಬರೆದಿರುವುದು ಅಪರೂಪವಲ್ಲ. ತೊಂಬತ್ತು ದಿನ ಎಂದರೆ, ಮುಂದಿನ ಕಂಪನಿ ನಿಮಗಾಗಿ ಮೂರು ತಿಂಗಳು ಕಾಯಬೇಕು. ನೋಟಿಸ್ ಬದಲು ಹಣ ಕಟ್ಟಿ ಬೇಗ ಹೊರಡಲು ಅವಕಾಶವಿದೆಯೇ, ಅದು ನಿಮ್ಮ ಆಯ್ಕೆಯೋ ಅಥವಾ ಕಂಪನಿ ಒಪ್ಪಿದರೆ ಮಾತ್ರವೋ ಎಂಬುದೂ ಅದೇ ಸಾಲಿನಲ್ಲಿ ಇರುತ್ತದೆ.

ಬಾಂಡ್ ಬಗ್ಗೆ ಹುಡುಗರಲ್ಲಿ ಒಂದು ನಂಬಿಕೆ ಬಲವಾಗಿದೆ. “ಬಾಂಡಿಗೆಲ್ಲ ಕಾನೂನಿನಲ್ಲಿ ಬೆಲೆ ಇಲ್ಲ ಸರ್, ಸುಮ್ಮನೆ ಹೆದರಿಸ್ತಾರೆ” ಎಂದು ಹೋದಲ್ಲೆಲ್ಲ ಯಾರಾದರೂ ಹೇಳುತ್ತಾರೆ. ಇದು ಅರ್ಧ ಸತ್ಯ, ಆ ಅರ್ಧವನ್ನು ನಂಬಿ ಸಹಿ ಹಾಕಿದವರು ಕಷ್ಟಕ್ಕೆ ಸಿಗುತ್ತಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಮ್ಮದೇ ನಾಡಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಬ್ಯಾಂಕಿನ ನೇಮಕಾತಿಯಲ್ಲಿ ಮೂರು ವರ್ಷ ಸೇವೆ ಸಲ್ಲಿಸಬೇಕು, ಇಲ್ಲವಾದರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತಿತ್ತು. ಒಬ್ಬ ಅಧಿಕಾರಿ ಅವಧಿಗೆ ಮೊದಲೇ ಬೇರೆ ಬ್ಯಾಂಕಿಗೆ ಹೋದರು, ಆಕ್ಷೇಪಣೆ ದಾಖಲಿಸಿ ಹಣ ಕಟ್ಟಿದರು, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ಹೇಳಿತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಷರತ್ತು ಊರ್ಜಿತ ಎಂದಿತು.

ಕಾರಣ ಏನೆಂದು ತಿಳಿದರೆ ನಿಮ್ಮ ಬಾಂಡನ್ನು ನೀವೇ ತೂಗಿ ನೋಡಬಹುದು. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಯಾರನ್ನೂ ಕಾನೂನುಬದ್ಧ ಉದ್ಯೋಗ ಮಾಡದಂತೆ ತಡೆಯುವ ಒಪ್ಪಂದ ಅನೂರ್ಜಿತ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ಕ್ಷೇತ್ರದಲ್ಲಿ ಬೇರೆಡೆ ದುಡಿಯಬಾರದು ಎಂದು ಬರೆಸಿಕೊಂಡರೆ ಅದು ನಿಲ್ಲುವುದು ಕಷ್ಟ. ಆದರೆ ವಿಜಯಾ ಬ್ಯಾಂಕಿನ ಷರತ್ತು ಆ ಅಧಿಕಾರಿಯನ್ನು ಬೇರೆ ಕಡೆ ಹೋಗದಂತೆ ತಡೆಯಲಿಲ್ಲ. ಹೋಗುವುದಾದರೆ ಇಷ್ಟು ಕಟ್ಟಿ ಹೋಗಿ ಎಂದಿತು. ಸಾರ್ವಜನಿಕ ಬ್ಯಾಂಕು ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಮತ್ತೆ ನೇಮಕ ಮಾಡಬೇಕಾದ ಖರ್ಚಿಗೂ, ಆ ಅಧಿಕಾರಿಯ ಸಂಬಳಕ್ಕೂ ಎರಡು ಲಕ್ಷ ಅತಿಯಲ್ಲ ಎಂದು ಕೋರ್ಟ್ ಕಂಡಿತು. ಖಾಸಗಿ ಕಂಪನಿಯೊಂದು ಎರಡು ವಾರದ ತರಬೇತಿ ಕೊಟ್ಟು ಮೂರು ಲಕ್ಷ ಕೇಳಿದರೆ ಅದೇ ತರ್ಕ ಅದಕ್ಕೆ ತಾನಾಗಿ ಒದಗುವುದಿಲ್ಲ. 74ನೇ ಸೆಕ್ಷನ್ ಸಮಂಜಸವಾದ ಪರಿಹಾರವನ್ನಷ್ಟೇ ಒಪ್ಪುತ್ತದೆ. ಆದರೂ ಅದನ್ನು ಕೋರ್ಟಿನಲ್ಲಿ ಹೇಳಿಸಿಕೊಳ್ಳಲು ವರ್ಷಗಳು ಬೇಕು. ಈ ನಡುವೆ ಕಂಪನಿ ರಿಲೀವಿಂಗ್ ಲೆಟರ್ ತಡೆಹಿಡಿದರೆ ಹೊಸ ಕೆಲಸಕ್ಕೆ ಸೇರುವುದೇ ಕಷ್ಟವಾಗುತ್ತದೆ. ಆದ್ದರಿಂದ ಎಷ್ಟು ಅವಧಿ, ಎಷ್ಟು ಹಣ, ತಿಂಗಳು ಕಳೆದಂತೆ ಆ ಮೊತ್ತ ಕಡಿಮೆಯಾಗುತ್ತದೆಯೇ, ಕಂಪನಿಯೇ ನಿಮ್ಮನ್ನು ತೆಗೆದರೆ ಏನು, ಇಷ್ಟನ್ನು ಸಹಿಗೆ ಮುಂಚೆ ಬರಹದಲ್ಲಿ ಕೇಳಿ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರ ವಶಕ್ಕೂ ಕೊಡಬೇಡಿ. ತೋರಿಸಿ, ಪ್ರತಿ ಕೊಟ್ಟು, ಅಲ್ಲೇ ವಾಪಸ್ ಪಡೆಯಿರಿ. ಸೇರುವ ಮೊದಲು ಠೇವಣಿ, ಲ್ಯಾಪ್‌ಟಾಪ್ ಶುಲ್ಕ, ತರಬೇತಿ ಶುಲ್ಕ ಎಂದು ಹಣ ಕೇಳಿದವರು ಕೆಲಸ ಕೊಡುವವರಲ್ಲ.

ಮೊದಲ ಒಂಬತ್ತು ತಿಂಗಳು

ಇನ್ನು ಕೈಗೆ ಬಂದ 34,460ರ ವಿಷಯ. ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಸಂಬಳದ ಲೆಕ್ಕ ತಿಂಗಳ ಒಂದು ನಿಗದಿತ ದಿನಕ್ಕೆ ಮುಚ್ಚುತ್ತದೆ, ಬಹಳ ಕಡೆ ಅದು ಇಪ್ಪತ್ತರ ಆಸುಪಾಸು. ಅದಾದ ಮೇಲೆ ಸೇರಿದರೆ ಆ ತಿಂಗಳ ದಿನಗಳ ಸಂಬಳ ಮುಂದಿನ ತಿಂಗಳ ಕೊನೆಗೆ ಸೇರಿ ಬರುತ್ತದೆ. ಊರಿನಿಂದ ಬೆಂಗಳೂರಿಗೆ ಬರುವವರು ಪಿಜಿಯ ಅಡ್ವಾನ್ಸ್, ಊಟ, ಬಸ್ಸು ಎಲ್ಲ ಸೇರಿ ಕನಿಷ್ಠ ನಲವತ್ತು ದಿನದ ಖರ್ಚನ್ನು ಜೊತೆಗೆ ತರಬೇಕು. ಇದನ್ನು ಮುಂಚೆ ಯಾರೂ ಹೇಳದೆ, ಮೊದಲ ತಿಂಗಳೇ ಲೋನ್ ಆ್ಯಪಿನ ಬಾಗಿಲು ತಟ್ಟಿದ ಹುಡುಗರಿದ್ದಾರೆ.

ಆ ಹುಡುಗಿಯ ಲೆಕ್ಕವನ್ನೇ ಮುಂದುವರಿಸೋಣ. ಅವಳು ಆರು ಲಕ್ಷದ್ದನ್ನೇ ಆರಿಸಿಕೊಂಡಳು ಎಂದಿಟ್ಟುಕೊಳ್ಳಿ. ಓದಿಗೆ ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಶಿಕ್ಷಣ ಸಾಲ ಮಾಡಿದ್ದಾಳೆ, ಬಡ್ಡಿ ಶೇ 10. ಓದುವಾಗ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಂತಿರುವುದಿಲ್ಲ. ಸರಳ ಬಡ್ಡಿಯಲ್ಲಿ ಓದು ಮುಗಿಯುವ ಹೊತ್ತಿಗೆ ನಾಲ್ಕು ಲಕ್ಷ ಐದು ಲಕ್ಷವಾಗಿರುತ್ತದೆ. ಬ್ಯಾಂಕು ಇನ್ನೂ ಒಂದು ವರ್ಷ ಬಿಡುವು ಕೊಡುತ್ತದೆ. ಅದನ್ನು ಪೂರ್ತಿ ಬಳಸಿಕೊಂಡರೆ 5.4 ಲಕ್ಷ. ಏಳು ವರ್ಷದ ಕಂತು ಐದು ಲಕ್ಷಕ್ಕೆ ಸುಮಾರು 8,300 ಆದರೆ 5.4 ಲಕ್ಷಕ್ಕೆ 8,965. ಬಿಡುವಿನ ವರ್ಷದಲ್ಲಿ ಕಂತು ಕಟ್ಟಲಾಗದಿದ್ದರೂ ತಿಂಗಳಿಗೆ 3,333ರಂತೆ ಬಡ್ಡಿಯನ್ನಾದರೂ ಕಟ್ಟಿದರೆ ಸಾಲ ಐದು ಲಕ್ಷದಲ್ಲೇ ನಿಲ್ಲುತ್ತದೆ. ಕಟ್ಟುವುದು ನಲವತ್ತು ಸಾವಿರ, ಮುಂದಿನ ಏಳು ವರ್ಷದಲ್ಲಿ ಉಳಿಯುವುದು ಸುಮಾರು ಐವತ್ತೈದು ಸಾವಿರ. ಬಡ್ಡಿ ಸಹಾಯಧನದ ಯೋಜನೆಯಲ್ಲಿ ಸಾಲ ಪಡೆದವರು ತಮ್ಮ ಬ್ಯಾಂಕಿನಲ್ಲಿ ಬಾಕಿ ಎಷ್ಟಿದೆ ಎಂದು ಮೊದಲು ಕೇಳಿ ತಿಳಿಯಬೇಕು, ಅವರ ಲೆಕ್ಕ ಬೇರೆ.

ಅವಳು ಮೊದಲ ತಿಂಗಳಿಂದಲೇ 8,300 ಕಟ್ಟುತ್ತಾಳೆ. ಪಿಜಿಗೆ ಊಟ ಸೇರಿ 10,000. ಮನೆಗೆ 5,000. ಓಡಾಟ, ಫೋನು, ಬಟ್ಟೆ, ಸಿನಿಮಾಗೆ 5,000. ಒಟ್ಟು 28,300. ಉಳಿದದ್ದು ಆರು ಸಾವಿರ ಚಿಲ್ಲರೆ. ಅದರಲ್ಲಿ 5,000ವನ್ನು ಸಂಬಳ ಬಂದ ಮಾರನೆಯ ದಿನವೇ ತಾನಾಗಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಬೇಕು. ಆರ್‌ಡಿ ಆದರೂ ಸರಿ. ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡುತ್ತೇನೆ ಎಂದವರ ಖಾತೆಯಲ್ಲಿ ತಿಂಗಳ ಕೊನೆಗೆ ಏನೂ ಉಳಿದದ್ದನ್ನು ನಾನು ಕಂಡಿಲ್ಲ.

ಮೊದಲ ಗುರಿ ಮೂರು ತಿಂಗಳ ಖರ್ಚು, ಅಂದರೆ ಸುಮಾರು 85,000. ಮುಟ್ಟದೆ ಇಟ್ಟಿರುವ ಜಾಯಿನಿಂಗ್ ಬೋನಸ್ 40,000 ಇದೆಯಲ್ಲ, ಅದಕ್ಕೆ ತಿಂಗಳಿಗೆ 5,000 ಸೇರಿಸುತ್ತ ಹೋದರೆ ಒಂಬತ್ತನೇ ತಿಂಗಳಿಗೆ ಗುರಿ ಮುಟ್ಟಿತು. ಹನ್ನೆರಡು ತಿಂಗಳು ತುಂಬಿದ ಮೇಲೆ ಬೋನಸ್ ಪೂರ್ತಿ ಅವಳದೇ ಆಗುತ್ತದೆ. ಕೆಲಸ ಹೋದರೆ, ಅಪ್ಪನಿಗೆ ಆಸ್ಪತ್ರೆ ಎಂದರೆ, ಬಾಸ್ ಜೊತೆ ಇರಲಾಗದೆ ಹೊರಬರಬೇಕಾದರೆ ಈ ಹಣ ಬೇಕು. ನೋಟಿಸ್ ಅವಧಿ ಮೂರು ತಿಂಗಳೇ ಇರುವವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಅದಾದ ಮೇಲೆ ಅದೇ 5,000ವನ್ನು ದೀರ್ಘಕಾಲಕ್ಕೆ ತಿರುಗಿಸಬಹುದು. ಎಲ್ಲರೂ ಬೇಗ ಶುರುಮಾಡಿ ಎನ್ನುತ್ತಾರೆ, ಬೇಗ ಎಂದರೆ ಎಷ್ಟು ವ್ಯತ್ಯಾಸ ಎಂದು ತೋರಿಸುವವರು ಕಡಿಮೆ. 2020ರ ಏಪ್ರಿಲ್‌ನಿಂದ ಪಿಪಿಎಫ್ ಕೊಡುತ್ತ ಬಂದಿರುವ ಶೇ 7.1ರ ಬಡ್ಡಿಯನ್ನೇ ಹಿಡಿಯೋಣ. ಹದಿನೈದು ವರ್ಷ ತಿಂಗಳಿಗೆ 5,000 ಕಟ್ಟಿದರೆ ಹಾಕಿದ್ದು ಒಂಬತ್ತು ಲಕ್ಷ, ಬರುವುದು ಸುಮಾರು 15.8 ಲಕ್ಷ. ಐದು ವರ್ಷ ತಡಮಾಡಿ ಹತ್ತೇ ವರ್ಷ ಕಟ್ಟಿದರೆ ಹಾಕಿದ್ದು ಆರು ಲಕ್ಷ, ಬರುವುದು ಸುಮಾರು 8.65 ಲಕ್ಷ. ತಪ್ಪಿಹೋದ ಮೊದಲ ಐದು ವರ್ಷದ ಮೂರು ಲಕ್ಷವೊಂದೇ ಕೊನೆಯಲ್ಲಿ ಏಳು ಲಕ್ಷಕ್ಕೂ ಹೆಚ್ಚು ಆಗುತ್ತಿತ್ತು. ಪಿಪಿಎಫ್‌ನಲ್ಲಿ ಹಣ ಹದಿನೈದು ವರ್ಷ ಬಹುಮಟ್ಟಿಗೆ ಕಟ್ಟಿಬಿದ್ದಿರುತ್ತದೆ, ಅದಕ್ಕೆ ಒಪ್ಪದವರು ಇಂಡೆಕ್ಸ್ ಫಂಡಿನ ಎಸ್‌ಐಪಿ ನೋಡುತ್ತಾರೆ. ಅದರಲ್ಲಿ ಬೆಲೆ ಇಳಿಯುವ ವರ್ಷಗಳೂ ಇರುತ್ತವೆ, ಏಳೆಂಟು ವರ್ಷ ಮುಟ್ಟಬೇಕಿಲ್ಲದ ಹಣವನ್ನಷ್ಟೇ ಅಲ್ಲಿ ಹಾಕಬೇಕು.

ಎಡವುವ ಜಾಗಗಳು

ಸಂಬಳದ ಖಾತೆ ತೆರೆದ ತಿಂಗಳೇ ಕ್ರೆಡಿಟ್ ಕಾರ್ಡಿನ ಕರೆ ಬರುತ್ತದೆ. ಕಾರ್ಡು ಇಟ್ಟುಕೊಂಡು ಪ್ರತಿ ತಿಂಗಳು ಬಿಲ್ ಪೂರ್ತಿ ಕಟ್ಟುವವರಿಗೆ ತೊಂದರೆ ಇಲ್ಲ, ಸಿಬಿಲ್ ಸ್ಕೋರಿಗೂ ಒಳ್ಳೆಯದು. ತೊಂದರೆ ಇರುವುದು ಬಿಲ್ಲಿನಲ್ಲಿ “ಮಿನಿಮಮ್ ಡ್ಯೂ” ಎಂದು ಬರೆದಿರುವ ಚಿಕ್ಕ ಮೊತ್ತದಲ್ಲಿ. 40,000ದ ಫೋನು ಕಾರ್ಡಿನಲ್ಲಿ ಕೊಂಡಿದ್ದೀರಿ, ಮಿನಿಮಮ್ ಡ್ಯೂ 2,000 ಎನ್ನಿ. ತಿಂಗಳಿಗೆ ಶೇ 3.5 ಬಡ್ಡಿ ಎಂದರೆ 1,400. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 252. ನೀವು ಕಟ್ಟಿದ ಎರಡು ಸಾವಿರದಲ್ಲಿ ಸಾಲಕ್ಕೆ ಜಮಾ ಆದದ್ದು 348 ರೂಪಾಯಿ. ಜೊತೆಗೆ ಬಾಕಿ ಉಳಿದಿರುವಷ್ಟು ಕಾಲ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಶುರುವಾಗುತ್ತದೆ, ನಲವತ್ತೈದು ದಿನದ ಬಿಡುವು ಸಿಗುವುದಿಲ್ಲ. ಈಗಾಗಲೇ ಸಿಕ್ಕಿಕೊಂಡವರು ಕಾರ್ಡ್ ಬಳಸುವುದನ್ನು ನಿಲ್ಲಿಸಿ, ಬ್ಯಾಂಕಿನ ವೈಯಕ್ತಿಕ ಸಾಲ ಪಡೆದಾದರೂ ಅದನ್ನು ತೀರಿಸುವುದು ಲೇಸು. ಶೇ 42ರ ಸಾಲಕ್ಕಿಂತ ಶೇ 15ರ ಸಾಲ ಹಗುರ.

ಜನವರಿ ಹೊತ್ತಿಗೆ ಇನ್ನೊಂದು ಕರೆ ಬರುತ್ತದೆ, ಬಹಳ ಸಲ ಪರಿಚಯದವರಿಂದಲೇ. ತೆರಿಗೆ ಉಳಿಸಲು ಪಾಲಿಸಿ ಮಾಡಿಸಿ ಎನ್ನುತ್ತಾರೆ. ಮೇಲೆ ಹೇಳಿದ್ದು ಇಲ್ಲಿ ಬೇಕು: ಆರು ಲಕ್ಷದ ಸಂಬಳಕ್ಕೆ ತೆರಿಗೆಯೇ ಇಲ್ಲ, ಉಳಿಸುವುದು ಏನನ್ನು? ಹೊಸ ಪದ್ಧತಿಯಲ್ಲಿ ವಿಮಾ ಪ್ರೀಮಿಯಂಗೆ ಆ ವಿನಾಯಿತಿಯೂ ಇಲ್ಲ. ಇಪ್ಪತ್ತು ವರ್ಷ ಕಟ್ಟಬೇಕಾದ ಪಾಲಿಸಿಯನ್ನು ಎರಡು ಮೂರು ವರ್ಷಕ್ಕೆ ನಿಲ್ಲಿಸಿದರೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಮಾವನ ಮಾತಿಗೆ ಇಲ್ಲ ಎನ್ನಲಾಗದೆ ಸಹಿ ಹಾಕಿದ್ದರೆ, ಪಾಲಿಸಿ ಪತ್ರ ಕೈಸೇರಿದ ಮೂವತ್ತು ದಿನದೊಳಗೆ ರದ್ದು ಮಾಡುವ ಹಕ್ಕು ನಿಮಗಿದೆ. ನಿಮ್ಮ ದುಡಿಮೆಯನ್ನು ನಂಬಿದವರು ಮನೆಯಲ್ಲಿದ್ದರೆ ಉಳಿತಾಯ ಬೆರೆಸದ ಟರ್ಮ್ ಪಾಲಿಸಿ ಸಾಕು.

ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಷಯದಲ್ಲಿ ಸೆಬಿಯ ಲೆಕ್ಕವನ್ನೇ ಮುಂದಿಡುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಅದು ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. 2023-24ರಲ್ಲಿ ಅವರಲ್ಲಿ ಮೂವತ್ತು ವರ್ಷ ತುಂಬದವರೇ ಶೇ 43.

ಕೊನೆಯ ತಪ್ಪು ಸದ್ದಿಲ್ಲದ್ದು. ಕೆಲಸ ಬದಲಿಸುವಾಗ ಪಿಎಫ್ ಹಣವನ್ನು ಬಿಡಿಸಿಕೊಂಡು ಬೈಕೋ ಪ್ರವಾಸವೋ ಮಾಡುವುದು. ಐದು ವರ್ಷ ತುಂಬುವ ಮೊದಲು ತೆಗೆದ ಹಣ ತೆರಿಗೆಗೆ ಒಳಪಡುತ್ತದೆ, ಮತ್ತೆ ಸೊನ್ನೆಯಿಂದ ಶುರುಮಾಡಬೇಕಾಗುತ್ತದೆ. ಯುಎಎನ್ ಸಂಖ್ಯೆ ಜೀವನಪೂರ್ತಿ ಒಂದೇ. ಹೊಸ ಕಂಪನಿಗೆ ಅದೇ ಸಂಖ್ಯೆ ಕೊಟ್ಟು ಹಳೆಯ ಖಾತೆಯನ್ನು ವರ್ಗಾಯಿಸಿದರೆ ಹಳೆಯ ಸೇವೆಯೂ ಐದು ವರ್ಷದ ಲೆಕ್ಕಕ್ಕೆ ಸೇರುತ್ತದೆ. ಮೊದಲ ಪೇಸ್ಲಿಪ್ ಬಂದ ಮೇಲೆ ಪಿಎಫ್ ಪಾಸ್‌ಬುಕ್ ತೆರೆದು ಎರಡೂ ಪಾಲು ಜಮಾ ಆಗಿದೆಯೇ ನೋಡಿ. ಸಂಬಳದಿಂದ ಕಡಿದುಕೊಂಡು ನಿಧಿಗೆ ಕಟ್ಟದ ಸಂಸ್ಥೆಗಳೂ ಇವೆ, ಬೇಗ ಗೊತ್ತಾದರೆ ಬೇಗ ದೂರು ಕೊಡಬಹುದು.

ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ. ನೋಟಿಸ್ ಬೋರ್ಡಿನಲ್ಲಿ ಪ್ಯಾಕೇಜಿನ ಪಕ್ಕದಲ್ಲಿ ಇನ್ನು ಮೂರು ಕಾಲಂ ಹಾಕಿ: ತಿಂಗಳಿಗೆ ಕೈಗೆ ಬರುವ ಸಂಬಳ, ನೋಟಿಸ್ ಅವಧಿ, ಬಾಂಡಿನ ಮೊತ್ತ. ಕಂಪನಿಗಳು ಈ ವಿವರವನ್ನು ಕೇಳಿದರೆ ಕೊಡುತ್ತವೆ, ನೀವು ಕೇಳಬೇಕು. ವಿದ್ಯಾರ್ಥಿಗಳು ಪತ್ರ ಬಂದ ದಿನವೇ ಒಪ್ಪಿಗೆ ಕಳಿಸದೆ, ತಿಂಗಳ ಸಂಬಳದ ವಿವರ ಕೊಡಿ ಎಂದು ಎಚ್‌ಆರ್‌ಗೆ ಒಂದು ಇಮೇಲ್ ಬರೆಯಿರಿ. ಆ ಪ್ರಶ್ನೆ ಕೇಳಿದ್ದಕ್ಕೆ ಆಫರ್ ಹಿಂದಕ್ಕೆ ಪಡೆದದ್ದನ್ನು ನನ್ನ ಕೆಲಸದ ಕಾಲದಲ್ಲಿ ನಾನು ಕಂಡಿಲ್ಲ.